ಸಿಕ್ಕ ಫೋನು, ಯಾರಿಗೆ ಕರೆ?

ಹಾಸನದ ಬಸ್ ನಿಲ್ದಾಣದಲ್ಲಿ ಕಾವ್ಯಳಿಗೆ ಯಾರದೋ ಕೀಪ್ಯಾಡ್ ಫೋನು ಸಿಕ್ಕಿತು. ಲಾಕ್ ಇರಲಿಲ್ಲ. ಒಳಗೆ ‘ಅಮ್ಮ’, ‘ಸಾಹುಕಾರ್ರು’, ‘ಬಡ್ಡಿ ರಾಜಣ್ಣ’, ‘ಪುಟ್ಟಿ’. ಅಮ್ಮನಿಗೇ ಮಾಡೋಣವೆಂದುಕೊಂಡವಳು ತಡೆದಳು. ಮಕ್ಕಳ ನಂಬರಿನಿಂದ ಗುರುತಿಲ್ಲದ ದನಿ ಕೇಳಿದರೆ ಆ ಜೀವ ಗಾಬರಿಯಾದೀತು. ಬಡ್ಡಿಯವನಿಗಂತೂ ಬೇಡವೇ ಬೇಡ! ಹಳೆಯ ಕರೆಗಳನ್ನು ನೋಡಿದಳು. ದಿನಾ ಸಂಜೆ ‘ಪುಟ್ಟಿ’ಗೆ ಕರೆ ಹೋಗಿತ್ತು. ಅದನ್ನೇ ಒತ್ತಿ, "ಗಾಬರಿಯಾಗಬೇಡಿ, ಫೋನು ಮಾತ್ರ ಬಿದ್ದಿತ್ತು" ಎಂದೇ ಮಾತು ಶುರುಮಾಡಿದಳು.

ನೀವೂ ಹಾಗೇ ಮಾಡಿ. ಫೋನು ಕೇಳಿಕೊಂಡು ಬಂದವರು ಕೊನೆಯ ಕರೆ ಯಾರಿಗೆ ಮಾಡಿದ್ದೆಂದು ಹೇಳಲಿ, ಆಮೇಲೆ ಕೊಡಿ. ಸ್ಮಾರ್ಟ್‌ಫೋನಿಗೆ ಲಾಕ್ ಇದ್ದರೆ ತುರ್ತು ಕರೆಯ ಪರದೆ ತೆರೆಯಿರಿ. ಮಾಲೀಕರು ತುರ್ತು ಸಂಪರ್ಕ ತುಂಬಿಟ್ಟಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಚಾರ್ಜ್ ಉಳಿಸಿಕೊಂಡು, ಅವರೇ ರಿಂಗ್ ಕೊಡುವವರೆಗೆ ಕಾಯಬೇಕು.