ಟೈರಿನ ಗುಳಿ ಸವೆತ: ದೋಷ ಎಲ್ಲಿದೆ?

ಫಸಲನ್ನು ಮಾರುಕಟ್ಟೆಗೆ ಸಾಗಿಸುವ ಪಿಕಪ್ ಮತ್ತು ಜೀಪುಗಳ ಟೈರು ಕೆಲವೊಮ್ಮೆ ಒಂದೇ ಸಮನಾಗಿ ಸವೆಯದೆ, ಸುತ್ತಲೂ ಅಲ್ಲಲ್ಲಿ ತಗ್ಗು-ದಿಣ್ಣೆಯಾಗಿ ಸವೆಯುತ್ತದೆ. ಅಂಗೈಯಿಂದ ಸವರಿದರೆ ಗುಳಿಗಳು ಕೈಗೆ ಸಿಗುತ್ತವೆ. ಗಾಳಿ ಕಡಿಮೆಯಾದಾಗ ಟೈರಿನ ಎರಡೂ ಅಂಚು, ಹೆಚ್ಚಾದಾಗ ನಡುಭಾಗ, ಚಕ್ರದ ಓರೆ ತಪ್ಪಿದಾಗ ಒಂದೇ ಅಂಚು ಸವೆಯುತ್ತದೆ. ಗುಳಿ ಸವೆತ ಇವುಗಳಿಗಿಂತ ಬೇರೆ. ಚಕ್ರವು ರಸ್ತೆಯನ್ನು ಬಿಡದೆ ಹಿಡಿದುಕೊಳ್ಳದೆ ಕುಣಿಯುತ್ತಿದೆ ಎಂಬುದರ ಗುರುತು ಅದು.

ಕಾರಣವೇನು?

ಚಕ್ರ ಗುಂಡಿಗೆ ಬಿದ್ದೆದ್ದಾಗ ಸ್ಪ್ರಿಂಗು ಅದನ್ನು ಮತ್ತೆ ಮತ್ತೆ ಕುಣಿಸುತ್ತದೆ. ಈ ಕುಣಿತವನ್ನು ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದು ಸೋತರೆ ಟೈರು ನೆಲಕ್ಕೆ ಬಡಿದಲ್ಲೆಲ್ಲ ರಬ್ಬರು ಉಜ್ಜಿ ಹೋಗುತ್ತದೆ. ಸಡಿಲವಾದ ಬೇರಿಂಗು, ಸವೆದ ಬಾಲ್ ಜಾಯಿಂಟು ಅಥವಾ ಕಿಂಗ್‌ಪಿನ್, ಹರಿದ ಬುಷ್, ತೂಕ ಸಮವಿಲ್ಲದ ಚಕ್ರ ಇವುಗಳಿಂದಲೂ ಹೀಗಾಗಬಹುದು.

ಪರೀಕ್ಷಿಸುವ ಕ್ರಮ

೧. ಗುಳಿಬಿದ್ದ ಚಕ್ರದ ಮೂಲೆಯನ್ನು ಮೂರು-ನಾಲ್ಕು ಸಲ ಒತ್ತಿ ಕೈಬಿಡಿ. ವಾಹನ ಒಂದೆರಡು ತೂಗಿಗೆ ನಿಲ್ಲಬೇಕು. ಮತ್ತೂ ತೂಗಿದರೆ, ಅಥವಾ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಅದು ಸೋತಿದೆಯೆಂದು ತಿಳಿಯಿರಿ. ಹಿಂಬದಿಯ ಪಟ್ಟಿ ಸ್ಪ್ರಿಂಗಿನಲ್ಲಿ ಪಟ್ಟಿಗಳ ತಿಕ್ಕಾಟವೇ ತೂಗನ್ನು ತಡೆಯುವುದರಿಂದ ಅಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ.

೨. ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಆಧಾರ ನಿಲ್ಲಿಸಿ. ಸ್ಪ್ರಿಂಗು ಕೆಳತೋಳಿನ ಮೇಲೆ ಕುಳಿತಿದ್ದರೆ ಜಾಕನ್ನು ಆ ತೋಳಿನ ಅಡಿಗೇ ಕೊಡಿ. ಇಲ್ಲವಾದರೆ ಬಾಲ್ ಜಾಯಿಂಟಿನ ಸಡಿಲ ಗೊತ್ತಾಗದು. ಟೈರನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಸಡಿಲ ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಸಡಿಲ ಮಾಯವಾದರೆ ದೋಷ ಬೇರಿಂಗಿನದು. ಹಾಗೆಯೇ ಉಳಿದರೆ ಬಾಲ್ ಜಾಯಿಂಟಿನದು ಅಥವಾ ಕಿಂಗ್‌ಪಿನ್ನಿನದು.

೩. ತೋಳುಗಳ ಬುಷ್ ಬಿರಿದಿದೆಯೇ ನೋಡಿ. ಇಲ್ಲಿಯವರೆಗೆ ಏನೂ ಕಾಣದಿದ್ದರೆ ಚಕ್ರದ ತೂಕ ಸಮ ಮಾಡಿಸಿ.

ಒಂದು ಉದಾಹರಣೆ

ಟೊಮೆಟೊ ಸಾಗಿಸುವ ಪಿಕಪ್ ಒಂದರ ಎಡ ಮುಂದಿನ ಟೈರಿನಲ್ಲಿ ಗುಳಿಗಳಿವೆ, ಬಲದ್ದು ಸರಿಯಾಗಿದೆ ಎನ್ನೋಣ. ಗಾಳಿ ಸರಿಯಿದೆ, ಚಕ್ರ ಅಲುಗಿಸಿದರೆ ಸಡಿಲವಿಲ್ಲ, ಆದರೆ ಎಡಮೂಲೆ ನಾಲ್ಕೈದು ಸಲ ತೂಗುತ್ತದೆ. ದೋಷ ಎಡ ಶಾಕ್ ಅಬ್ಸಾರ್ಬರಿನದು. ಹಾಗಿದ್ದರೂ ಮುಂದಿನ ಎರಡನ್ನೂ ಜೊತೆಯಾಗಿ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಎರಡು ಬದಿಯ ಹಿಡಿತ ಬೇರೆಬೇರೆಯಾಗುತ್ತದೆ.

ಗಮನಿಸಿ

ದುರಸ್ತಿಯ ನಂತರವೂ ಗುಳಿಬಿದ್ದ ಟೈರು ಗುಂಯ್‌ಗುಡುತ್ತಲೇ ಇರುತ್ತದೆ. ಇದನ್ನು ಬೇರಿಂಗಿನ ಸದ್ದೆಂದು ತಪ್ಪು ತಿಳಿಯಬೇಡಿ. ಬೇರಿಂಗಿನ ಸದ್ದು ತಿರುವಿನಲ್ಲಿ ಏರಿಳಿಯುತ್ತದೆ. ಟೈರಿನದು ರಸ್ತೆಯ ಮೈ ಬದಲಾದಂತೆ ಬದಲಾಗುತ್ತದೆ. ಟೈರಿನಲ್ಲಿ ಇನ್ನೂ ಸಾಕಷ್ಟು ರಬ್ಬರಿದ್ದರೆ, ಅಳತೆ ಒಂದೇ ಆಗಿದ್ದಲ್ಲಿ, ಅದನ್ನು ಹಿಂದಿನ ಚಕ್ರಕ್ಕೆ ಹಾಕಬಹುದು. ಗುಳಿಯಲ್ಲಿ ದಾರ ಕಂಡರೆ ತಡಮಾಡದೆ ತೆಗೆದುಹಾಕಿ. ದೋಷ ಸರಿಪಡಿಸದೆ ಹೊಸ ಟೈರು ಹಾಕಿದರೆ ಅದಕ್ಕೂ ಇದೇ ಗತಿ.