ಫೋಟೊ ಚಿತ್ರವಾಗಬೇಕು, ಎತ್ತಿನ ಕೊಂಬು ಬದಲಾಗಬಾರದು

ಪ್ರಶ್ನೆ: ಸರ್, ನಮ್ಮ ತಂದೆ ಕಂಬಳಿ ಹೊದ್ದು, ಅಮೃತಮಹಲ್ ಎತ್ತಿನ ಪಕ್ಕ ನಿಂತಿರುವ ಫೋಟೊ ಇದೆ. ಮಟಮಟ ಮಧ್ಯಾಹ್ನ ಮೊಬೈಲಿನಲ್ಲಿ ತೆಗೆದದ್ದು. ಅದನ್ನು ಸ್ಟೇಬಲ್ ಡಿಫ್ಯೂಷನ್‌ನಲ್ಲಿ ತೈಲಚಿತ್ರ ಮಾಡಲು ಕೂತೆ. `Denoising strength` 0.75 ಇಟ್ಟರೆ ಚಿತ್ರವೇನೋ ಸೊಗಸಾಗಿ ಬರುತ್ತದೆ, ಆದರೆ ಅದರಲ್ಲಿರುವವರು ನಮ್ಮಪ್ಪ ಅಲ್ಲ. 0.3 ಇಟ್ಟರೆ ಫೋಟೊ ಫೋಟೊವಾಗಿಯೇ ಉಳಿಯುತ್ತದೆ. ಎಷ್ಟು ಇಡಬೇಕು?
— ಓದುಗರು, ಚಳ್ಳಕೆರೆ

ಉತ್ತರ: ನಿಮ್ಮ ಫೋಟೊಗೆ 0.45ರಿಂದ 0.5. ಆದರೆ ಅದಕ್ಕೂ ಮುಂಚೆ ಒಂದು ಕೆಲಸವಿದೆ. ಅದು ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ.

ಈ ಸಂಖ್ಯೆ ಹೇಳುವುದು, ನಿಮ್ಮ ಫೋಟೊ ಮೇಲೆ ಎಷ್ಟು ಗದ್ದಲ, ಅಂದರೆ ಅಡ್ಡಾದಿಡ್ಡಿ ಚುಕ್ಕೆ, ಸುರಿದು ಆಮೇಲೆ ತೆಗೆಯಬೇಕು ಎಂದು. ಸ್ಟೇಬಲ್ ಡಿಫ್ಯೂಷನ್ 1.5ರ ಲೆಕ್ಕದಲ್ಲಿ 0.3 ಇಟ್ಟಾಗ ಫೋಟೊದ ಬಲ ಮುಕ್ಕಾಲು ಭಾಗ ಉಳಿದಿರುತ್ತದೆ, 0.5ಕ್ಕೆ ಹೆಚ್ಚುಕಡಿಮೆ ಅರ್ಧ, 0.75ಕ್ಕೆ ಕಾಲು ಭಾಗ ಮಾತ್ರ. ಗದ್ದಲದಲ್ಲಿ ಮೊದಲು ಅಳಿಯುವುದು ಸಣ್ಣ ವಿವರ: ಚರ್ಮದ ಸುಕ್ಕು, ಕಂಬಳಿಯ ಎಳೆ. ಕೊನೆಯವರೆಗೂ ತಡೆದುಕೊಳ್ಳುವುದು ದೊಡ್ಡ ಆಕಾರ, ಬಣ್ಣ, ಬೆಳಕು. ಕುಂಚದ ಗೆರೆಯೂ ಸಣ್ಣ ವಿವರವೇ ಆದ್ದರಿಂದ 0.4ರ ಆಸುಪಾಸಿನಲ್ಲೇ ಬಂದುಬಿಡುತ್ತದೆ. ಮಧ್ಯಾಹ್ನದ ಬಿಳಿಚಿದ ಆಕಾಶ ಸಂಜೆಯ ಬಣ್ಣಕ್ಕೆ ತಿರುಗಬೇಕಾದರೆ ಮಾತ್ರ 0.7 ದಾಟಬೇಕು. ಅಷ್ಟು ಹೊತ್ತಿಗೆ ನಿಮ್ಮ ತಂದೆಯ ಮುಖ ಹೋಗಿರುತ್ತದೆ.

ಹಾಗಾಗಿ ಬಣ್ಣದ ಕೆಲಸವನ್ನು ಮಾಡೆಲ್‌ಗೆ ಬಿಡಬೇಡಿ. ಮೊಬೈಲಿನ ಯಾವುದಾದರೂ ಫೋಟೊ ಆ್ಯಪಿನಲ್ಲಿ ಆಕಾಶವನ್ನು ಸ್ವಲ್ಪ ಗಾಢ ಮಾಡಿ, ಇಡೀ ಫೋಟೊಗೆ ಬೆಚ್ಚನೆಯ ಛಾಯೆ ಕೊಡಿ. ಒರಟಾಗಿದ್ದರೂ ಪರವಾಗಿಲ್ಲ, ಗೆರೆಗಳನ್ನು ಮಾಡೆಲ್ ಹದಗೊಳಿಸುತ್ತದೆ. ದೊಡ್ಡ ಬದಲಾವಣೆ ಹೀಗೆ ಕೈಯಲ್ಲೇ ಮುಗಿದರೆ, ಉಳಿದದ್ದಕ್ಕೆ ಕಡಿಮೆ ಸಂಖ್ಯೆ ಸಾಕಾಗುತ್ತದೆ.

ಆಮೇಲೆ `Seed` ಒಂದೇ ಇರುವಂತೆ ಸಂಖ್ಯೆ ಬರೆದಿಟ್ಟು, ಆಟೊಮ್ಯಾಟಿಕ್1111 ಬಳಸುವವರಾದರೆ ಸ್ಕ್ರಿಪ್ಟ್‌ಗಳಲ್ಲಿ `X/Y/Z plot` ಆರಿಸಿ, `Denoising` ಎದುರು ಇಷ್ಟು ಹಾಕಿ:

```
0.35, 0.4, 0.45, 0.5, 0.55, 0.6
```

ಸೀಡ್ ಬದಲಾಗುತ್ತಿದ್ದರೆ ಯಾವ ವ್ಯತ್ಯಾಸ ಯಾವುದರಿಂದ ಬಂತು ಎಂದೇ ಗೊತ್ತಾಗುವುದಿಲ್ಲ. ಸಾಲಾಗಿ ಬಂದ ಚಿತ್ರಗಳಲ್ಲಿ ಮೊದಲು ಎತ್ತಿನ ಕೊಂಬು ನೋಡಿ. ಅಮೃತಮಹಲ್ ಕೊಂಬು ಬುಡದಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಉದ್ದಕ್ಕೆ ಏರಿ ಚೂಪಾಗುತ್ತದೆ. ಅದು ಪಕ್ಕಕ್ಕೆ ಚಾಚಿಕೊಂಡು ಎಲ್ಲಿಯದೋ ದನದ ಕೊಂಬಾದ ಕಡೆ, ಫೋಟೊ ಕೈಬಿಟ್ಟು ಮಾಡೆಲ್ ತನ್ನ ನೆನಪಿನಿಂದ ಬರೆಯತೊಡಗಿದೆ ಎಂದರ್ಥ. ಅದರ ಹಿಂದಿನ ಚಿತ್ರದ ಸಂಖ್ಯೆಯೇ ನಿಮ್ಮದು.

ಅಲ್ಲೂ ಮುಖ ಕೆಟ್ಟಿರಬಹುದು. ಅದಕ್ಕೆ ಕಾರಣ ಬೇರೆ. ಮಾಡೆಲ್ ಕೆಲಸ ಮಾಡುವುದು ಎಂಟಕ್ಕೆ ಎಂಟು ಪಿಕ್ಸೆಲ್‌ಗೆ ಒಂದು ಮನೆಯಂತೆ ಕುಗ್ಗಿಸಿದ ರೂಪದ ಮೇಲೆ. ಎತ್ತಿನ ಪಕ್ಕ ನಿಂತವರ ಮುಖ 48 ಪಿಕ್ಸೆಲ್ ಅಗಲವಿದ್ದರೆ ಸಿಗುವುದು ಆರೇ ಮನೆ. ಅಷ್ಟರಲ್ಲಿ ಕಣ್ಣು, ಮೂಗು, ಮೀಸೆ ಎಲ್ಲ ಹಿಡಿಯುವುದಿಲ್ಲ. ಮುಗಿದ ಚಿತ್ರದ ಮೇಲೆ, ಛಾಯೆ ಕೊಟ್ಟ ಫೋಟೊದ ಮುಖವನ್ನು ಕತ್ತರಿಸಿ ಅದೇ ಜಾಗಕ್ಕೆ ಅಂಟಿಸಿ. ಇನ್‌ಪೇಂಟ್‌ನಲ್ಲಿ ಮುಖಕ್ಕಷ್ಟೇ ಮಾಸ್ಕ್ ಬಳಿದು, `Only masked` ಆರಿಸಿ, 0.3 ಅಥವಾ 0.35 ಇಡಿ. ಆಗ ಮುಖದ ಭಾಗವನ್ನು ಹಿಗ್ಗಿಸಿಕೊಂಡು ಕುಂಚದ ಗೆರೆ ಹಾಕಿ, ಮತ್ತೆ ಕುಗ್ಗಿಸಿ ಕೂರಿಸುತ್ತದೆ. ನಿಮ್ಮ ತಂದೆ ನಿಮ್ಮ ತಂದೆಯಾಗಿಯೇ ಉಳಿಯುತ್ತಾರೆ. ಇದಕ್ಕಾಗಿ ಅರ್ಧ ಗಂಟೆ ಹೋದರೂ ಹೋಗಲಿ.

ಪ್ರಶ್ನೆ: ನಮ್ಮ ಮಗ್ಗದ ಮೊಳಕಾಲ್ಮೂರು ಸೀರೆಯ ಫೋಟೊವನ್ನು ಚಿತ್ರ ಮಾಡಿದರೆ ಅಂಚಿನ ನವಿಲು ಬಳ್ಳಿಯಾಗುತ್ತದೆ. 0.3ಕ್ಕೆ ಇಳಿಸಿದರೆ ಚಿತ್ರವೆಲ್ಲ ಮಸುಕು ಮಸುಕು.
— ಓದುಗರು, ಮೊಳಕಾಲ್ಮೂರು

ಉತ್ತರ: ಮಸುಕಿಗೆ ಕಾರಣ ಹಂತಗಳ ಕೊರತೆ ಇರಬಹುದು. `Sampling steps` 20 ಇದ್ದು ಸಂಖ್ಯೆ 0.3 ಇದ್ದರೆ, ಸಾಮಾನ್ಯ ಸೆಟ್ಟಿಂಗಿನಲ್ಲಿ ನಿಜವಾಗಿ ನಡೆಯುವುದು ಸುಮಾರು ಆರೇ ಹಂತ. ಸ್ಟೆಪ್ಸ್ 50ಕ್ಕೆ ಏರಿಸಿ, ಸುಮಾರು ಹದಿನೈದು ಸಿಗುತ್ತದೆ. ಒಮ್ಮೆ ಬಂದ ಚಿತ್ರವನ್ನೇ ಮತ್ತೆ ಮತ್ತೆ ಒಳಗೆ ಹಾಕುತ್ತಿದ್ದರೆ ಅದನ್ನು ನಿಲ್ಲಿಸಿ. ಪ್ರತಿ ಸಲವೂ ಕುಗ್ಗಿಸಿ ಹಿಗ್ಗಿಸುವಾಗ ಜರಿಯ ಗೆರೆ ಇನ್ನಷ್ಟು ಕರಗುತ್ತದೆ.

ನವಿಲಿನ ವಿಷಯ ಹೇಳುವುದಾದರೆ, ಸೀರೆ ಪೂರ್ತಿ ಕಾಣುವ ಫೋಟೊದಲ್ಲಿ ಅಂಚಿನ ನವಿಲು ಮೇಲೆ ಹೇಳಿದಂಥ ಮೂರು ನಾಲ್ಕು ಮನೆಗಿಂತ ದೊಡ್ಡದಿರುವುದಿಲ್ಲ. ಯಾವ ಸಂಖ್ಯೆ ಇಟ್ಟರೂ ಅದು ಉಳಿಯುವುದು ಕಷ್ಟ. ಕಂಟ್ರೋಲ್‌ನೆಟ್‌ನ `lineart` ಬಳಸಿದರೆ ಮಡಿಕೆ, ಸೆರಗಿನ ಅಂಚು ನಿಲ್ಲುತ್ತದೆ, ಇಷ್ಟು ಚಿಕ್ಕ ನವಿಲು ನಿಲ್ಲುತ್ತದೆಂದು ನಂಬಬೇಡಿ. ಅಂಚು, ಸೆರಗನ್ನು ಹತ್ತಿರದಿಂದ ಬೇರೆಯಾಗಿಯೇ ಫೋಟೊ ತೆಗೆದು ಚಿತ್ರ ಮಾಡಿ. ಗಿರಾಕಿಗೆ ತೋರಿಸುವಾಗ ಮಾತ್ರ ಚಿತ್ರದ ಜೊತೆ ಅಸಲಿ ಫೋಟೊವನ್ನೂ ಇಡಿ. ನೀವು ನೇಯದ ಬುಟ್ಟಾ ಚಿತ್ರದಲ್ಲಿದ್ದರೆ ಅವರು ಕೇಳುವುದು ಅದನ್ನೇ.