ಬಡ್ತಿಯ ಮೇಲ್ ಓದುವವರು ಯಾರು?

ಪುಟ್ಟೀ, ಮ್ಯಾನೇಜರ್‌ಗೆ ಕಳಿಸಬೇಕೆಂದು ನೀನು ಬರೆದ ಮೇಲ್ ಓದಿದೆ. "ಮೂರು ವರ್ಷದಿಂದ ಇದೇ ಹುದ್ದೆಯಲ್ಲಿ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದೇನೆ, ಹೆಚ್ಚಿನ ಜವಾಬ್ದಾರಿ ಹೊರಲು ಸಿದ್ಧಳಿದ್ದೇನೆ, ದಯವಿಟ್ಟು ನನ್ನ ಬಡ್ತಿಯನ್ನು ಪರಿಗಣಿಸಿ" ಅಂತ ಇದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನಿನ್ನ ಹೆಸರು ತೆಗೆದು ಟೀಮಿನ ಬೇರೆ ಯಾರ ಹೆಸರು ಹಾಕಿದರೂ ಆ ಮೇಲ್ ಹಾಗೇ ನಡೆಯುತ್ತದೆ. ಅಕೌಂಟ್ಸ್ ವಿಭಾಗದ ಬಡ್ತಿ ಸಭೆಗಳಲ್ಲಿ ಹಲವು ವರ್ಷ ಕೂತವಳು ನಾನು. ಆ ಕೋಣೆಯಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ, ಕೇಳು.

• ನೀನು ಬರೆಯುತ್ತಿರುವುದು ಮ್ಯಾನೇಜರ್ ಒಬ್ಬರಿಗೇ ಅಲ್ಲ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಬಡ್ತಿಯನ್ನು ನೇರ ಮ್ಯಾನೇಜರ್ ತಾವೊಬ್ಬರೇ ಕೊಡಲಾರರು. ಅವರು ಹೆಸರು ಕೊಡುತ್ತಾರೆ. ಆಮೇಲೆ ಬೇರೆ ಟೀಮಿನ ಮ್ಯಾನೇಜರ್‌ಗಳು, ವಿಭಾಗದ ಮುಖ್ಯಸ್ಥರು, ಎಚ್‌ಆರ್‌ನವರು ಕೂತು ಪಟ್ಟಿಯನ್ನು ಜರಡಿ ಹಿಡಿಯುತ್ತಾರೆ. ಒಂದೊಂದು ಹೆಸರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿ ಕೂತ ಬಹುಪಾಲು ಜನ ನಿನ್ನ ಮುಖ ನೋಡಿರುವುದಿಲ್ಲ. "ಯಾಕೆ ಈಕೆಗೆ?" ಅಂತ ಒಬ್ಬರು ಕೇಳಿದಾಗ ನಿಮ್ಮ ಸರ್ ಏನು ಹೇಳಬೇಕು? ಅವರ ಕೈಯಲ್ಲಿ ಏನೂ ಇಲ್ಲದಿದ್ದರೆ "ಒಳ್ಳೇ ಹುಡುಗಿ, ಕಷ್ಟಪಟ್ಟು ಕೆಲಸ ಮಾಡ್ತಾಳೆ" ಅನ್ನುತ್ತಾರೆ. ಆ ಮಾತನ್ನು ಅಲ್ಲಿ ಎಲ್ಲರ ಬಗ್ಗೆಯೂ ಹೇಳುತ್ತಾರೆ, ಹಾಗಾಗಿ ಅದಕ್ಕೆ ತೂಕವಿಲ್ಲ. ಅವರು ಫೋನ್ ತೆರೆದು ಹಾಗೇ ಓದಿ ಹೇಳಬಹುದಾದ ನಾಲ್ಕು ಸಾಲು ನಿನ್ನ ಮೇಲ್‌ನಲ್ಲಿ ಇರಬೇಕು. ಮುಂದೆ ನಾನು ಹೇಳುವುದೆಲ್ಲ ಈ ನಾಲ್ಕು ಸಾಲಿಗಾಗಿಯೇ.

• ಬಡ್ತಿ ಕೊಡಿ ಅಂತ ಕೇಳಬೇಡ, ಬಡ್ತಿ ಪರಿಶೀಲನೆಗೆ ನನ್ನ ಹೆಸರು ಮುಂದಿಡಿ ಅಂತ ಕೇಳು. ಅಳುಕಿನಿಂದ ಹೇಳುತ್ತಿರುವ ಮಾತಲ್ಲ ಇದು. ಅವರ ಕೈಯಲ್ಲಿ ಇರುವುದು ಹೆಸರು ಮುಂದಿಡುವ ಅಧಿಕಾರ. ಅವರಿಂದ ಆಗುವುದನ್ನು ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಆಗದ್ದನ್ನು ಕೇಳಿದರೆ "ನೋಡೋಣಮ್ಮ" ಸಿಗುತ್ತದೆ.

• ಪಟ್ಟಿ ಮುಚ್ಚುವ ಮುಂಚೆ ಕೇಳು. ನಿಮ್ಮಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ. ಹಾಗಂತ ಮಾರ್ಚ್‌ನಲ್ಲಿ ಕೇಳಿದರೆ ಹೆಸರುಗಳೂ ಬಜೆಟ್ಟೂ ಬಹುಶಃ ಆಗಲೇ ಮೇಲಕ್ಕೆ ಹೋಗಿರುತ್ತವೆ. ಹೆಸರು ಕೊಡುವ ಕೊನೇ ದಿನ ಯಾವುದು ಅಂತ ಎಚ್‌ಆರ್‌ನಲ್ಲಿ ಕೇಳಿ ತಿಳಿದುಕೊ. ಅದು ಗುಟ್ಟಿನ ವಿಷಯವಲ್ಲ. ಅದಕ್ಕೆ ಆರೆಂಟು ವಾರ ಮುಂಚೆ ಮೇಲ್ ಹೋಗಲಿ. ಏನಾದರೂ ಕೊರತೆ ಇದೆ ಅಂದರೆ ತುಂಬಿಕೊಳ್ಳಲು ಅಷ್ಟಾದರೂ ಸಮಯ ಬೇಕು. ತಿಂಗಳ ಕ್ಲೋಸಿಂಗ್ ನಡೆಯುವ ಮೊದಲ ವಾರ ಮಾತ್ರ ಬೇಡ, ಆಗ ಯಾರೂ ಮನಸ್ಸಿಟ್ಟು ಓದುವುದಿಲ್ಲ.

• ಮೇಲಿನ ಹುದ್ದೆಯ ಕೆಲಸದ ವಿವರಣೆಯನ್ನು ಗಮನವಿಟ್ಟು ಓದು. ನೀನು ಈಗ ಸೀನಿಯರ್ ಅಸೋಸಿಯೇಟ್, ಕೇಳುತ್ತಿರುವುದು ಟೀಮ್ ಲೀಡ್. ಎರಡಕ್ಕೂ ಬೇರೆ ಬೇರೆ ಅಳತೆ. ದಿನಕ್ಕೆ ಎಷ್ಟು ಬಿಲ್ ಹಾಕುತ್ತೀಯ ಅನ್ನುವುದು ಈಗಿನ ಹುದ್ದೆಯ ಅಳತೆ. ಅದನ್ನು ಎಷ್ಟು ಚೆನ್ನಾಗಿ ಹೇಳಿದರೂ "ಹೌದು, ಈ ಹುದ್ದೆಯಲ್ಲಿ ಬಹಳ ಚೆನ್ನಾಗಿದ್ದಾಳೆ" ಅಂತ ಸಭೆ ಅಲ್ಲಿಗೇ ಬಿಡುತ್ತದೆ. ನೀನು ನನಗೆ ಕಳಿಸಿದ ವಿವರಣೆಯ ಹಾಳೆಯಲ್ಲಿ ಲೀಡ್ ಅಂದರೆ ಏನು ಅಂತ ಮೂರು ಸಾಲು ಇದೆ: ಕೆಲಸದ ಕ್ರಮವನ್ನು ಸುಧಾರಿಸುವುದು, ಬೇರೆ ವಿಭಾಗದವರ ಜೊತೆ ಸೇರಿ ತೊಡಕು ಬಿಡಿಸುವುದು, ಹೊಸಬರನ್ನು ತಯಾರು ಮಾಡುವುದು. ನಿನ್ನ ಮೇಲ್ ಈ ಮೂರಕ್ಕೆ ಉತ್ತರ ಕೊಡಬೇಕು.

• ಒಂದೇ ಒಂದು ಫಲಿತಾಂಶ ಆರಿಸಿಕೊ, ಅದನ್ನು ಪೂರ್ತಿ ಹೇಳು. ಮೇಲ್‌ನ ಕೆಳಗೆ ನೀನು ಹನ್ನೊಂದು ಸಾಧನೆ ಪಟ್ಟಿ ಮಾಡಿದ್ದೀಯ. ಓದಿ ಮುಗಿಸುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಏಳನೇ ಸಾಲಿನಲ್ಲಿ ಮಾತ್ರ "ಎಂಎಸ್‌ಎಂಇ ಪೇಮೆಂಟ್ ಟ್ರ್ಯಾಕಿಂಗ್ ನೋಡಿಕೊಂಡೆ" ಅಂತ ಒಂದು ಮಾತಿತ್ತು. ನಾನು ಫೋನ್ ಮಾಡಿ ಕೆದಕಿದ್ದು ಅದನ್ನೇ. ಆಗ ನೀನು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ.

ಏಪ್ರಿಲ್–ಜೂನ್‌ನಲ್ಲಿ ಸಣ್ಣ ಉದ್ದಿಮೆಗಳಿಂದ ಬಂದ 212 ಬಿಲ್‌ಗಳಲ್ಲಿ 38ಕ್ಕೆ 45 ದಿನ ದಾಟಿದ ಮೇಲೆ ಹಣ ಹೋಗಿತ್ತು. ನೀನು ಒಂದೊಂದೇ ತೆಗೆದು ನೋಡಿದೆ. ತಡ ಆಗುತ್ತಿದ್ದದ್ದು ನಿಮ್ಮ ಟೀಮಿನಲ್ಲಲ್ಲ, ಸ್ಟೋರ್ಸ್‌ನಲ್ಲಿ. ಸರಕು ಬಂದರೂ ಅವರು ಜಿಆರ್‌ಎನ್ ಹಾಕುತ್ತಿರಲಿಲ್ಲ, ಅದಿಲ್ಲದೆ ಬಿಲ್ ಮುಂದೆ ಹೋಗುತ್ತಿರಲಿಲ್ಲ. ನೀನು ವೆಂಡರ್ ಮಾಸ್ಟರ್‌ನಲ್ಲಿ ಉದ್ಯಮ್ ನೋಂದಣಿ ಇರುವವರಿಗೆಲ್ಲ ಗುರುತು ಹಾಕಿದೆ. ಪ್ರತಿ ಸೋಮವಾರ 30 ದಿನ ದಾಟಿದ ಬಿಲ್‌ಗಳ ಪಟ್ಟಿಯನ್ನು ಸ್ಟೋರ್ಸ್‌ಗೆ ಕಳಿಸಿ ಅವತ್ತೇ ಫೋನ್‌ನಲ್ಲಿ ಬೆನ್ನು ಹತ್ತಿದೆ. ಅಕ್ಟೋಬರ್–ಡಿಸೆಂಬರ್‌ನಲ್ಲಿ 240 ಬಿಲ್‌ಗಳಲ್ಲಿ 45 ದಿನ ದಾಟಿದ್ದು 5 ಮಾತ್ರ.

ಇಷ್ಟು ದೊಡ್ಡ ಕೆಲಸವನ್ನು ಏಳನೇ ಸಾಲಿನಲ್ಲಿ ಬಚ್ಚಿಟ್ಟಿದ್ದೀಯಲ್ಲ!

ಈ ಅಂಕಿ ಕಂಪನಿಗೆ ಯಾಕೆ ಮುಖ್ಯ ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಗಡುವು ಇಟ್ಟುಕೊಳ್ಳುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸಾಲದೆಂಬಂತೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ಹೊಸ ನಿಯಮ ತಂದಿತು: ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಅಂಥ ಮೊತ್ತ ಮಾರ್ಚ್ ಕೊನೆಗೂ ಬಾಕಿ ಉಳಿದರೆ ಆ ವರ್ಷದ ತೆರಿಗೆ ಹೆಚ್ಚಾಗುತ್ತದೆ. ನಿಮ್ಮ ಫೈನಾನ್ಸ್ ಹೆಡ್ ನಿದ್ದೆಗೆಡುವ ವಿಷಯ ಇದು. ಸಭೆಯಲ್ಲಿ ಅವರು ಕಿವಿ ನೆಟ್ಟಗೆ ಮಾಡುವುದು "38ರಿಂದ 5" ಅಂದಾಗಲ್ಲ, ಇಂಥ ತಡದ ಹಿಂದೆ ತೆರಿಗೆಯ ಅಪಾಯ ಇದೆ ಅಂದಾಗ.

• ಉಳಿದ 5ನ್ನು ಮುಚ್ಚಿಡಬೇಡ. ಅವು ಸರಕಿನ ಗುಣಮಟ್ಟದ ತಕರಾರಿನಿಂದ ನಿಂತ ಬಿಲ್‌ಗಳು ಅಂದೆಯಲ್ಲ, ಹಾಗೇ ಬರೆ. ಎಲ್ಲ ಸರಿಹೋಯಿತು ಅನ್ನುವ ಅಂಕಿಯನ್ನು ಅಕೌಂಟ್ಸ್‌ನವರು ಅನುಮಾನದಿಂದಲೇ ನೋಡುತ್ತಾರೆ. ಎಲ್ಲಿಗೆ ನಿಂತಿದೆ, ಯಾಕೆ ನಿಂತಿದೆ ಅಂತ ಹೇಳಿದವರನ್ನು ನಂಬುತ್ತಾರೆ. ಅಂಕಿ ಯಾವ ಏಜಿಂಗ್ ರಿಪೋರ್ಟಿನದು ಅನ್ನುವುದನ್ನೂ ಸೇರಿಸು. ಯಾರು ಬೇಕಾದರೂ ತೆಗೆದು ನೋಡಬಹುದು ಅನ್ನುವುದೇ ನಿನ್ನ ಧೈರ್ಯ.

• ನಿನ್ನ ಪಾಲು ಎಷ್ಟೋ ಅಷ್ಟನ್ನೇ ಹೇಳು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತಾವು ಮಾಡಿದ್ದನ್ನೂ "ಎಲ್ಲರೂ ಸೇರಿ ಮಾಡಿದ್ವಿ" ಅನ್ನುವ ಅಭ್ಯಾಸ. ಊಟದ ಮನೆಯಲ್ಲಿ ಅದು ಚೆಂದ. ಈ ಮೇಲ್‌ನಲ್ಲಿ ಹಾಗೆ ಬರೆದರೆ ಕಾರಣ ಹುಡುಕಿದ್ದು ಯಾರು ಅಂತಲೇ ಗೊತ್ತಾಗುವುದಿಲ್ಲ. ಕಾರಣ ಕಂಡುಹಿಡಿದದ್ದು, ಪಟ್ಟಿಯ ಕ್ರಮ ಶುರು ಮಾಡಿದ್ದು ನೀನು. ಪ್ರತಿ ವಾರ ಜಿಆರ್‌ಎನ್ ಹಾಕಿದ್ದು ಸ್ಟೋರ್ಸ್‌ನವರು. ಎರಡನ್ನೂ ಬರೆ. ಸ್ಟೋರ್ಸ್ ಮ್ಯಾನೇಜರ್ ಅದೇ ಸಭೆಯಲ್ಲಿ ಕೂತಿರಬಹುದು. ತಮ್ಮವರ ಕೆಲಸವನ್ನು ನೀನು ನುಂಗಿಹಾಕಿದ್ದೀಯ ಅನ್ನಿಸಿದರೆ ಅಲ್ಲೇ ಬಾಯಿ ತೆರೆಯುತ್ತಾರೆ, ಸರಿಯಾಗಿ ಹೇಳಿದ್ದರೆ ಅವರೇ ತಲೆಯಾಡಿಸುತ್ತಾರೆ.

• ಈಗ ಮೇಲ್. ನೀನು ಕಳಿಸುವುದು ಇಂಗ್ಲಿಷಿನಲ್ಲಿ, ಅದು ಗೊತ್ತು. ವಿಷಯ ಮಾತ್ರ ನನ್ನ ಮಾತಿನಲ್ಲಿ ಹೀಗಿರಲಿ:

"ಸರ್, ಈ ಸಾಲಿನ ಬಡ್ತಿ ಪರಿಶೀಲನೆಯಲ್ಲಿ ಟೀಮ್ ಲೀಡ್ ಹುದ್ದೆಗೆ ನನ್ನ ಹೆಸರನ್ನು ಮುಂದಿಡಬೇಕೆಂದು ಕೇಳುತ್ತಿದ್ದೇನೆ.

ಏಪ್ರಿಲ್–ಜೂನ್‌ನಲ್ಲಿ ಸಣ್ಣ ಉದ್ದಿಮೆಗಳ 212 ಬಿಲ್‌ಗಳಲ್ಲಿ 38ಕ್ಕೆ 45 ದಿನ ದಾಟಿ ಪಾವತಿಯಾಗಿತ್ತು. ಅಕ್ಟೋಬರ್–ಡಿಸೆಂಬರ್‌ನಲ್ಲಿ 240ರಲ್ಲಿ 5. ಇದರಿಂದ ಬಡ್ಡಿಯ ಹೊಣೆಯೂ ವರ್ಷದ ಕೊನೆಗೆ ತೆರಿಗೆಯ ಹೊರೆ ಬೀಳುವ ಅಪಾಯವೂ ತಗ್ಗಿದೆ. ತಡಕ್ಕೆ ಕಾರಣ ಜಿಆರ್‌ಎನ್ ಎಂದು ಗುರುತಿಸಿ, ವಾರದ ಪಟ್ಟಿಯ ಕ್ರಮವನ್ನು ನಾನು ಶುರು ಮಾಡಿದೆ. ಸ್ಟೋರ್ಸ್ ತಂಡ ಅದನ್ನು ಪ್ರತಿ ವಾರ ತಪ್ಪದೆ ನಡೆಸಿಕೊಟ್ಟಿತು. ಉಳಿದ 5 ಗುಣಮಟ್ಟದ ತಕರಾರಿನವು. ಅಂಕಿಗಳು ತಿಂಗಳ ಏಜಿಂಗ್ ರಿಪೋರ್ಟಿನಲ್ಲಿವೆ.

ಹೊಸದಾಗಿ ಬಂದ ಇಬ್ಬರಿಗೆ ಈ ಕೆಲಸ ಕಲಿಸಿದ್ದೇನೆ. ನಾನು ರಜೆಯಲ್ಲಿದ್ದ ಎರಡು ವಾರ ಪಟ್ಟಿಯನ್ನು ಅವರೇ ನಡೆಸಿದರು.

ಮುಂದಿನ ವಾರ ಇಪ್ಪತ್ತು ನಿಮಿಷ ಸಿಕ್ಕರೆ, ಲೀಡ್ ಹುದ್ದೆಯ ಅಳತೆಯಲ್ಲಿ ನಾನು ಎಲ್ಲಿದ್ದೇನೆ, ಏನು ಬಾಕಿ ಇದೆ ಅನ್ನುವುದನ್ನು ನಿಮ್ಮ ಬಾಯಿಂದ ಕೇಳಬೇಕು. ಗುರುವಾರ ಅಥವಾ ಶುಕ್ರವಾರ ಆಗಬಹುದೇ?"

ಇಷ್ಟೇ. ಕೇಳುವುದು ಮೊದಲ ಸಾಲಿನಲ್ಲೇ ಇದೆ ನೋಡು, ಕೊನೆಗೆ ನಾಚಿಕೊಂಡು ಬರುವುದಿಲ್ಲ. ಕೆಲಸದ ಕ್ರಮ, ಬೇರೆ ವಿಭಾಗ, ಹೊಸಬರು, ಮೂರಕ್ಕೂ ಉತ್ತರ ಬಂತು. ನಾನು ಓದುವ ಜಾಗದಲ್ಲಿದ್ದರೆ ರಜೆಯ ಎರಡು ವಾರದ ಸಾಲಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುತ್ತಿದ್ದೆ. ಲೀಡ್ ಆಗುವವಳಿಗೆ ಬೇಕಾದ್ದು ಅದೇ.

• ಮನೆ ಸಾಲ, ಜೊತೆಗೆ ಸೇರಿದವಳಿಗೆ ಸಿಕ್ಕ ಬಡ್ತಿ, ಮೂರು ವರ್ಷದ ಲೆಕ್ಕ, "ತೊಂದರೆಗೆ ಕ್ಷಮಿಸಿ", ಇವೆಲ್ಲ ಬೇಡ. ಬೇರೆ ಕಂಪನಿಯ ಆಫರ್ ಇದೆ ಅನ್ನುವ ಮಾತಂತೂ, ನಿಜವಾಗಿ ಹೋಗಲು ತಯಾರಿದ್ದರೆ ಮಾತ್ರ.

• ಸರ್‌ಗೆ ಮೊದಲು ಬಾಯಲ್ಲಿ ಒಂದು ಮಾತು ಹೇಳಿ, ಆಮೇಲೆ ಮೇಲ್ ಕಳಿಸು. ವಾಟ್ಸಾಪ್‌ನಲ್ಲಿ ಕಳಿಸಬೇಡ, ಅಲ್ಲಿಂದ ಅದು ಸಭೆಯ ಕಡತಕ್ಕೆ ಹೋಗುವುದಿಲ್ಲ. ಅವರ ಮೇಲಿನವರಿಗೆ ಸಿಸಿ ಹಾಕಲೂ ಬೇಡ. ನಿನ್ನ ಪರ ಮಾತಾಡಬೇಕಾದ ಮನುಷ್ಯನನ್ನೇ ಕಟ್ಟಿಹಾಕಿದಂತಾಗುತ್ತದೆ.

• ಉತ್ತರವನ್ನು ಸರಿಯಾಗಿ ಕೇಳಿಸಿಕೊ. ಅವರು ದಿನ ಗೊತ್ತು ಮಾಡಿ, ರಿಪೋರ್ಟ್ ಕೇಳಿ, ಸ್ಟೋರ್ಸ್‌ನಲ್ಲಿ ಯಾರ ಜೊತೆ ಮಾತಾಡಲಿ ಅಂತ ವಿಚಾರಿಸಿದರೆ ಹೆಸರು ಮುಂದಿಡುವ ಮನಸ್ಸಿದೆ ಅಂತ ತಿಳಿ. "ಚೆನ್ನಾಗಿದೆ, ನೋಡೋಣ" ಅಂದು ದಿನ ಹೇಳದಿದ್ದರೆ, "ಹೆಸರು ಕೊಡುವ ಕೊನೇ ದಿನದೊಳಗೆ ಒಮ್ಮೆ ಮಾತಾಡೋಣವೇ ಸರ್?" ಅಂತ ನೀನೇ ಕೇಳು. ಇಲ್ಲ ಅಂದರೆ ವಾದ ಮಾಡದೆ, ಮೂರು ಅಳತೆಯಲ್ಲಿ ಯಾವುದು ಸಾಲದು, ಏನು ತೋರಿಸಿದರೆ ಸಾಕು ಅಂತ ಕೇಳು. ಅವತ್ತು ಸಂಜೆಯೇ ಆ ಮಾತನ್ನು ಎರಡು ಸಾಲಿನಲ್ಲಿ ಬರೆದು ಕಳಿಸು. ಆರು ತಿಂಗಳಲ್ಲಿ ಮ್ಯಾನೇಜರ್ ಬದಲಾದರೆ, ನಡೆದ ಮಾತುಕತೆಯಲ್ಲಿ ಉಳಿಯುವುದು ಆ ಎರಡು ಸಾಲು ಮಾತ್ರ.

• ಲೀಡ್ ಜಾಗವೇ ಖಾಲಿ ಇಲ್ಲದಿದ್ದರೆ ಎಂಥ ಮೇಲ್ ಬರೆದರೂ ಬಡ್ತಿ ಬರುವುದಿಲ್ಲ. ಕಾರಣ ಅದೇನಾ ಅಂತ ನೇರವಾಗಿ ಕೇಳು. ಹೌದು ಅಂದರೆ ಪಕ್ಕದ ಟೀಮಿನಲ್ಲಿ ಜಾಗ ಇದೆಯೇ ಅನ್ನುವುದು ಮುಂದಿನ ಪ್ರಶ್ನೆ. ಹೆಸರಿಗೆ ಲೀಡ್ ಮಾಡಿ ಸಂಬಳ ಆಮೇಲೆ ಅಂದರೆ, ಆ "ಆಮೇಲೆ" ಯಾವ ತಿಂಗಳು ಅಂತ ಬರಹದಲ್ಲಿ ತೆಗೆದುಕೊ.

• ಕ್ಲೋಸಿಂಗ್ ಮುಗಿದ ಮೇಲೆ ಬುಧವಾರ ಬೆಳಗ್ಗೆ ಕಳಿಸು. ಅದಕ್ಕೂ ಮುಂಚೆ ಆ 5 ಬಿಲ್‌ಗಳ ಪಟ್ಟಿಯನ್ನು ತಾರೀಖಿನ ಸಮೇತ ತೆಗೆದಿಟ್ಟುಕೊ. ಮೊದಲ ಪ್ರಶ್ನೆ ಅವುಗಳ ಮೇಲೇ ಬರುತ್ತದೆ.